ಪಟ್ಟಿ, ನಾಮಿನಿ, ಉಯಿಲು: ಮನೆಯ ಹಣಕಾಸಿನ ಮೂರು ಕಾಗದಗಳನ್ನು ಸಿದ್ಧಪಡಿಸುವ ಕ್ರಮ

ಬಹುತೇಕ ಮನೆಗಳಲ್ಲಿ ಬ್ಯಾಂಕು, ವಿಮೆ, ಠೇವಣಿಗಳ ವ್ಯವಹಾರವನ್ನು ಒಬ್ಬರೇ ನೋಡಿಕೊಳ್ಳುತ್ತಾರೆ. ಅವರು ಇದ್ದಕ್ಕಿದ್ದಂತೆ ಇಲ್ಲವಾದಾಗ ಉಳಿದವರ ಮುಂದೆ ಮೂರು ಪ್ರಶ್ನೆಗಳು ಏಳುತ್ತವೆ: ಎಲ್ಲೆಲ್ಲಿ ಏನೇನಿದೆ, ಅದನ್ನು ಆಯಾ ಸಂಸ್ಥೆಯಿಂದ ಯಾರು ಪಡೆಯಬಹುದು, ಪಡೆದ ಮೇಲೆ ಅದು ಯಾರಿಗೆ ಸೇರಬೇಕು. ಮೊದಲನೆಯದಕ್ಕೆ ಖಾತೆಗಳ ಪಟ್ಟಿ, ಎರಡನೆಯದಕ್ಕೆ ನಾಮಿನಿ, ಮೂರನೆಯದಕ್ಕೆ ಉಯಿಲು ಉತ್ತರ ಕೊಡುತ್ತವೆ. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. "ನಾಮಿನಿ ಹಾಕಿಸಿದ್ದೇನೆ, ಇನ್ನು ಉಯಿಲು ಯಾಕೆ" ಎಂದು ಕೇಳುವವರು ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳು ಒಂದೇ ಎಂದು ತಿಳಿದಿರುತ್ತಾರೆ, ಮತ್ತು ಮನೆಗಳ ಜಗಳಗಳಲ್ಲಿ ಎಷ್ಟೋ ಈ ತಪ್ಪು ತಿಳಿವಳಿಕೆಯಿಂದಲೇ ಹುಟ್ಟುತ್ತವೆ.

ಇವನ್ನು ಬರಿಯ ನಿಯಮಗಳಾಗಿ ಹೇಳಿದರೆ ಮನಸ್ಸಿಗೆ ಹತ್ತುವುದಿಲ್ಲವಾದ್ದರಿಂದ ಒಂದು ಕಲ್ಪಿತ ಕುಟುಂಬವನ್ನು ಇಟ್ಟುಕೊಂಡು ನೋಡೋಣ. ತುಮಕೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ನಲವತ್ತಾರು ವರ್ಷದ ಮನುಷ್ಯ ಹೃದಯಾಘಾತದಿಂದ ತೀರಿಕೊಂಡರು. ಮನೆಯಲ್ಲಿ ಹೆಂಡತಿ, ಹದಿನಾರರ ಮಗಳು, ಹನ್ನೊಂದರ ಮಗ, ಎಪ್ಪತ್ತು ವರ್ಷದ ತಾಯಿ. ಬೇರೆ ಮನೆಯಲ್ಲಿರುವ ಅಣ್ಣ ಒಬ್ಬರು. ಉಳಿತಾಯ ಖಾತೆಯಲ್ಲಿ 1,80,000 ರೂಪಾಯಿ ಇದೆ. 6 ಲಕ್ಷದ ಎಫ್‌ಡಿ ಇದೆ. ಮದುವೆಗೆ ಮುಂಚೆ ತೆರೆದ ಆ ಖಾತೆಯಲ್ಲಿ ನಾಮಿನಿ ಅಣ್ಣ. ಪಿಎಫ್‌ನಲ್ಲಿ 9 ಲಕ್ಷ ಇದೆ; ಕೆಲಸಕ್ಕೆ ಸೇರಿದ ದಿನ ತುಂಬಿದ ಅರ್ಜಿಯಲ್ಲಿ ನಾಮಿನಿ ತಾಯಿ. 10 ಲಕ್ಷದ ಜೀವ ವಿಮೆಗೆ ಹೆಂಡತಿ ನಾಮಿನಿ. ಪತ್ತಿನ ಸಹಕಾರ ಸಂಘವೊಂದರಲ್ಲಿ 2 ಲಕ್ಷದ ಠೇವಣಿ ಇದೆ, ಅದಕ್ಕೆ ನಾಮಿನಿಯೇ ಇಲ್ಲ. ಸ್ವಂತ ದುಡಿಮೆಯಿಂದ ಕೊಂಡ 30/40 ಅಳತೆಯ ಒಂದು ಸೈಟು ಅವರ ಹೆಸರಿನಲ್ಲಿದೆ. ಉಯಿಲು ಬರೆದಿಲ್ಲ.

ಮೇಲುನೋಟಕ್ಕೆ ಇದು ಅಚ್ಚುಕಟ್ಟಾದ ಸಂಸಾರವೇ. ಸಾಲವಿಲ್ಲ, ಉಳಿತಾಯವಿದೆ, ಮೂರು ಕಡೆ ನಾಮಿನಿಯೂ ಇದೆ. ಆದರೂ ಒಂದೊಂದು ಕಡೆ ಒಂದೊಂದು ತೊಡಕು ಕಾದಿದೆ.

ನಾಮಿನಿ ಎಂದರೆ ಯಾರು

ಎಫ್‌ಡಿಯನ್ನೇ ತೆಗೆದುಕೊಳ್ಳಿ. ಬ್ಯಾಂಕ್ ಅಣ್ಣನಿಗೆ 6 ಲಕ್ಷ ಕೊಡುತ್ತದೆ, ಕೊಡಲೇಬೇಕು; ಕೊಟ್ಟ ಮೇಲೆ ಬ್ಯಾಂಕಿನ ಹೊಣೆ ತೀರಿತು. ಆದರೆ ಆ ಹಣ ಅಣ್ಣನದಾಗುವುದಿಲ್ಲ. ನಾಮಿನಿಯಾದವನು ಹಣವನ್ನು ಬ್ಯಾಂಕಿನಿಂದ ಪಡೆದು ಕಾನೂನಿನ ವಾರಸುದಾರರಿಗೆ ತಲುಪಿಸಬೇಕಾದ ವ್ಯಕ್ತಿ ಮಾತ್ರ. ಸುಪ್ರೀಂ ಕೋರ್ಟ್ ಇದನ್ನು 1983ರಲ್ಲಿ ಜೀವ ವಿಮೆಯ ವಿಚಾರದಲ್ಲಿ, 2010ರಲ್ಲಿ ಬ್ಯಾಂಕ್ ಖಾತೆಯ ವಿಚಾರದಲ್ಲಿ, 2023ರ ಡಿಸೆಂಬರ್‌ನಲ್ಲಿ ಷೇರು ಮತ್ತು ಮ್ಯೂಚುವಲ್ ಫಂಡ್‌ಗಳ ವಿಚಾರದಲ್ಲಿ ಹೇಳಿದೆ. ಅಣ್ಣ ಒಳ್ಳೆಯವರಾದರೆ ಮರುದಿನವೇ ಹಣ ಮನೆಗೆ ಬರುತ್ತದೆ. ಅವರಿಗೆ ಸಾಲಗಾರರ ಕಾಟವಿದ್ದರೆ, ಅಥವಾ "ಅವನ ಓದಿಗೆ ನಾನೇ ಖರ್ಚು ಮಾಡಿದ್ದೆ" ಎಂಬ ಹಳೆಯ ಲೆಕ್ಕ ಮನಸ್ಸಿನಲ್ಲಿದ್ದರೆ, ಹೆಂಡತಿ ಸಿವಿಲ್ ದಾವೆ ಹೂಡಿ ಹಣ ಪಡೆಯಬೇಕಾಗುತ್ತದೆ. ಹಕ್ಕು ಆಕೆಯ ಕಡೆಗಿದ್ದರೂ ಹಣ ಅಣ್ಣನ ಕೈಯಲ್ಲಿರುತ್ತದೆ.

ಜೀವ ವಿಮೆಯ ಮಾತು ಸ್ವಲ್ಪ ಬೇರೆ. 2015ರ ತಿದ್ದುಪಡಿಯಾದ ಮೇಲೆ ತಂದೆ ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಗಳಾಗಿದ್ದರೆ ಆ ಹಣಕ್ಕೆ ಅವರೇ ಫಲಾನುಭವಿಗಳು ಎಂದು ವಿಮಾ ಕಾಯ್ದೆಯ 39ನೇ ಕಲಮು ಹೇಳುತ್ತದೆ. ಹಾಗಾದರೆ ಮಾತು ಮುಗಿಯಿತೆಂದುಕೊಂಡಿದ್ದವರಿಗೆ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2025ರಲ್ಲಿ ಕೊಟ್ಟ ತೀರ್ಪು ಎಚ್ಚರಿಕೆಯ ಮಾತಾಗಿದೆ. ಅಲ್ಲಿ ಮದುವೆಗೆ ಮುಂಚೆ ಮಾಡಿದ ಪಾಲಿಸಿಯಲ್ಲಿ ತಾಯಿ ನಾಮಿನಿಯಾಗಿದ್ದರು, ಮದುವೆಯಾದ ಮೇಲೂ ಹೆಸರು ಬದಲಾಗಿರಲಿಲ್ಲ. ವಾರಸುದಾರರು ತಮ್ಮ ಪಾಲು ಕೇಳಿದರೆ ನಾಮಿನಿ ಎಂಬ ಒಂದೇ ಕಾರಣಕ್ಕೆ ಅವರ ಹಕ್ಕು ಅಳಿಯುವುದಿಲ್ಲ ಎಂದು ನ್ಯಾಯಾಲಯ ಹೇಳಿ, ತಾಯಿ, ಹೆಂಡತಿ, ಮಗು ಮೂವರಿಗೂ ಸಮಪಾಲು ಎಂಬುದನ್ನು ಎತ್ತಿಹಿಡಿಯಿತು. ನಮ್ಮ ಉದಾಹರಣೆಯ ಕುಟುಂಬದಲ್ಲಿ ವಿಮಾ ಸಂಸ್ಥೆ ಹೆಂಡತಿಗೆ 10 ಲಕ್ಷ ಕೊಡುತ್ತದೆ, ನಿಜ. ಆದರೆ ಅತ್ತೆ ಸೊಸೆಯರ ನಡುವೆ ಮನಸ್ತಾಪವಿದ್ದರೆ ಅದು ನ್ಯಾಯಾಲಯದವರೆಗೆ ಹೋಗಲು ದಾರಿ ಇದ್ದೇ ಇದೆ. ನಾಮಿನಿಯೂ ಉಯಿಲೂ ಒಂದೇ ಹೆಸರನ್ನು ಹೇಳುವಂತೆ ನೋಡಿಕೊಂಡರೆ ಆ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ.

ಪಿಎಫ್ ತನ್ನದೇ ನಿಯಮದ ಮೇಲೆ ನಡೆಯುತ್ತದೆ. ಕುಟುಂಬವಿರುವ ಸದಸ್ಯನು ಕುಟುಂಬದವರನ್ನೇ ನಾಮಿನಿ ಮಾಡಬೇಕು, ಮತ್ತು ಮದುವೆಗೆ ಮುಂಚೆ ಮಾಡಿದ ನಾಮಿನಿ ಮದುವೆಯೊಂದಿಗೆ ಅಸಿಂಧುವಾಗುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ತುಮಕೂರಿನ ಆ ಮನುಷ್ಯ ಇಪ್ಪತ್ಮೂರನೆಯ ವಯಸ್ಸಿನಲ್ಲಿ ಬರೆದ ತಾಯಿಯ ಹೆಸರು ಈಗ ಕೇವಲ ಹಳೆಯ ಶಾಯಿ. ಸಿಂಧುವಾದ ನಾಮಿನಿ ಇಲ್ಲದಿದ್ದಾಗ ಹಣ ಕುಟುಂಬದ ಅರ್ಹ ಸದಸ್ಯರಿಗೆ ಸಮನಾಗಿ ಹೋಗುತ್ತದೆ. ತಾಯಿ ಮಗನನ್ನೇ ಅವಲಂಬಿಸಿದ್ದರೆ ನಾಲ್ವರಿಗೆ ತಲಾ 2,25,000. ನಾಲ್ವರ ದಾಖಲೆ, ಅದರಲ್ಲಿ ಇಬ್ಬರು ಅಪ್ರಾಪ್ತರು, ಅವರ ಪರವಾಗಿ ಪೋಷಕರ ಅರ್ಜಿ, ಹೀಗೆ ಕೆಲಸ ಬೆಳೆಯುತ್ತದೆ.

ಮೊದಲ ಹೆಜ್ಜೆ: ಪಟ್ಟಿ

ಉಯಿಲಿನಿಂದ ಪ್ರಾರಂಭಿಸಬೇಡಿ. ಪಟ್ಟಿಯಿಂದ ಪ್ರಾರಂಭಿಸಿ, ಏಕೆಂದರೆ ಪಟ್ಟಿ ಬರೆಯುವಾಗಲೇ ಯಾವ ಖಾತೆಗೆ ನಾಮಿನಿ ಇಲ್ಲ, ಯಾವುದರಲ್ಲಿ ತೀರಿಹೋದವರ ಹೆಸರಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಒಂದು ಉದ್ದ ನೋಟ್‌ಪುಸ್ತಕ ಸಾಕು. ಒಂದೊಂದು ಖಾತೆಗೆ ಐದು ಸಂಗತಿ ಬರೆಯಿರಿ: ಸಂಸ್ಥೆಯ ಹೆಸರು ಮತ್ತು ಶಾಖೆ, ಖಾತೆ ಅಥವಾ ಪಾಲಿಸಿ ಸಂಖ್ಯೆ, ಯಾರ ಹೆಸರಿನಲ್ಲಿದೆ, ನಾಮಿನಿ ಯಾರು, ಮೂಲ ಕಾಗದ ಎಲ್ಲಿದೆ. ಮೊತ್ತ ಬರೆಯಬೇಕೆಂದಿಲ್ಲ, ಅದು ಬದಲಾಗುತ್ತಲೇ ಇರುತ್ತದೆ. ಎಟಿಎಂ ಪಿನ್, ಪಾಸ್‌ವರ್ಡ್, ಯುಪಿಐ ಪಿನ್ ಬರೆಯಲೇಬಾರದು. ಮರಣದ ನಂತರ ಅವನ್ನು ಬಳಸಿ ಹಣ ತೆಗೆಯುವುದು ತಪ್ಪು, ಮುಂದೆ ಉಳಿದ ವಾರಸುದಾರರು ಲೆಕ್ಕ ಕೇಳಿದಾಗ ತೆಗೆದವರೇ ಸಿಕ್ಕಿಹಾಕಿಕೊಳ್ಳುತ್ತಾರೆ.

ನೆನಪಿನಿಂದ ಬರೆದ ಪಟ್ಟಿ ಯಾವತ್ತೂ ಅರೆಬರೆಯಾಗಿರುತ್ತದೆ. ಪಾಸ್‌ಬುಕ್ಕನ್ನು ಕಳೆದ ಹದಿಮೂರು ತಿಂಗಳವರೆಗೆ ಹಿಂದಕ್ಕೆ ಓದಿಕೊಂಡು ಹೋಗಿ, ವರ್ಷಕ್ಕೊಮ್ಮೆ ಮಾತ್ರ ಕಡಿತವಾಗುವ ಮೊತ್ತಗಳು ಆಗ ಸಿಗುತ್ತವೆ. ಮೇ ಅಥವಾ ಜೂನ್ ತಿಂಗಳಲ್ಲಿ 436 ರೂಪಾಯಿ ಹೋಗಿದ್ದರೆ ಅದು ಬಹುತೇಕ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು, 2 ಲಕ್ಷದ ರಕ್ಷಣೆ. 20 ರೂಪಾಯಿ ಹೋಗಿದ್ದರೆ ಸುರಕ್ಷಾ ವಿಮೆ, ಅಪಘಾತದಲ್ಲಿ ತೀರಿಕೊಂಡರೆ 2 ಲಕ್ಷ. ನಾನು ಸಂಬಂಧಿಕರೊಬ್ಬರ ಮನೆಯಲ್ಲಿ ಹೀಗೆ ಪಾಸ್‌ಬುಕ್ ತಿರುವುತ್ತಿದ್ದಾಗ ಆ 436ರ ಸಾಲಿನ ಮೇಲೆ ಮನೆಯವರು ಪೆನ್ಸಿಲ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದರು. ಬ್ಯಾಂಕ್ ಯಾವುದೋ ಶುಲ್ಕ ಹಿಡಿದುಕೊಂಡಿದೆ ಎಂದು ಅವರ ಅನುಮಾನ. ತುಮಕೂರಿನ ಕುಟುಂಬದಲ್ಲೂ ಹೀಗೊಂದು 436 ಇದ್ದಿರಬಹುದು, ಯಾರೂ ನೋಡದಿದ್ದರೆ 2 ಲಕ್ಷ ಅಲ್ಲಿಗೇ ಉಳಿಯಿತು.

ಬ್ಯಾಂಕಿನಾಚೆಗಿನವೂ ಪಟ್ಟಿಯಲ್ಲಿರಬೇಕು. ಸಹಕಾರ ಸಂಘದ ಷೇರು ಮತ್ತು ಠೇವಣಿ, ಅಂಚೆ ಕಚೇರಿಯ ಪುಸ್ತಕ, ಚೀಟಿ ಎಷ್ಟನೆಯ ಕಂತಿನಲ್ಲಿದೆ, ಗಿರವಿ ಇಟ್ಟ ಒಡವೆಯ ರಸೀದಿ, ಲಾಕರ್ ಸಂಖ್ಯೆ ಮತ್ತು ಅದರ ಕೀಲಿ ಇರುವ ಜಾಗ, ಸೈಟಿನ ಮತ್ತು ಜಮೀನಿನ ಕಾಗದ, ಇವೆಲ್ಲ. ಕೊಟ್ಟ ಕೈಸಾಲ, ತಂದ ಕೈಸಾಲ ಎರಡನ್ನೂ ಬರೆಯಿರಿ. ತಂದ ಸಾಲ ಬರೆಯಲು ಜನ ಹಿಂಜರಿಯುತ್ತಾರೆ, ಆದರೆ ತಿಥಿಯ ದಿನ ಬಾಗಿಲಿಗೆ ಬಂದು "ಎರಡು ಲಕ್ಷ ಕೊಡಬೇಕಿತ್ತು" ಎನ್ನುವವನ ಮಾತು ನಿಜವೋ ಸುಳ್ಳೋ ತಿಳಿಯಲು ಆ ಒಂದು ಸಾಲೇ ಆಧಾರ. ಮನೆ ಸಾಲವಿದ್ದರೆ ಅದರೊಂದಿಗೆ ವಿಮೆ ಮಾಡಿಸಿದ್ದಾರೆಯೇ ಎಂಬುದನ್ನೂ ಬರೆಯಿರಿ. ಇದ್ದರೆ ಬಾಕಿ ಸಾಲ ಅದರಿಂದಲೇ ತೀರಬಹುದು.

ಪಟ್ಟಿಯೇ ಇಲ್ಲದ ಮನೆಗೆ ಒಂದು ಆಸರೆಯಿದೆ. ಹತ್ತು ವರ್ಷ ವ್ಯವಹಾರವಿಲ್ಲದ ಠೇವಣಿಗಳನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ವರ್ಗಾಯಿಸುತ್ತವೆ. udgam.rbi.org.in ಎಂಬ ತಾಣದಲ್ಲಿ ಹೆಸರು, ಪ್ಯಾನ್ ಮುಂತಾದ ವಿವರ ಕೊಟ್ಟು ಅಂಥ ಖಾತೆಗಳನ್ನು ಹುಡುಕಬಹುದು, ಆಮೇಲೆ ಬ್ಯಾಂಕಿಗೆ ಹೋಗಿ ಹಕ್ಕು ಸಾಧಿಸಿ ಹಣ ಪಡೆಯಬಹುದು. ಆದರೆ ಇದು ಹತ್ತು ವರ್ಷದ ನಂತರದ ಮಾತು, ಅದೂ ಬ್ಯಾಂಕುಗಳಿಗೆ ಮಾತ್ರ. ಪತ್ತಿನ ಸಹಕಾರ ಸಂಘದ ಠೇವಣಿ ಅಲ್ಲಿ ಕಾಣುವುದಿಲ್ಲ.

ಎರಡನೆಯ ಹೆಜ್ಜೆ: ನಾಮಿನಿಗಳನ್ನು ಸರಿಪಡಿಸುವುದು

ಪಟ್ಟಿ ಮುಂದಿಟ್ಟುಕೊಂಡು ಒಂದೊಂದು ಖಾತೆಗೂ ನಾಮಿನಿಯನ್ನು ಪರಿಶೀಲಿಸಿ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಅಥವಾ ಎಫ್‌ಡಿ ರಸೀದಿಯ ಮೇಲೆ ನಾಮಿನೇಷನ್ ನೋಂದಣಿಯಾಗಿದೆ ಎಂದು ಅಚ್ಚಾಗಿರಬೇಕು. ಹೆಸರೂ ಅಚ್ಚಾಗಲಿ ಎಂದು ನೀವು ಕೇಳಬಹುದು. ಅರ್ಜಿ ತುಂಬಿಕೊಟ್ಟಿದ್ದೇನೆ ಎಂಬ ನೆನಪು ಸಾಲದು. ಅರ್ಜಿ ಕೊಟ್ಟಾಗ ಸ್ವೀಕೃತಿ ಪಡೆದು ಪಟ್ಟಿಯ ಪುಸ್ತಕಕ್ಕೆ ಪಿನ್ ಮಾಡಿಡಿ. ಉಳಿತಾಯ ಖಾತೆಗೆ ನಾಮಿನಿ ಇದ್ದ ಮಾತ್ರಕ್ಕೆ ಅದೇ ಬ್ಯಾಂಕಿನ ಎಫ್‌ಡಿಗೂ ಇದೆ ಎಂದು ಭಾವಿಸಬಾರದು. ಮೊಬೈಲಿನಲ್ಲಿ ಎರಡು ನಿಮಿಷದಲ್ಲಿ ತೆರೆದ ಎಫ್‌ಡಿಗಳಲ್ಲಿ ಈ ಕೊರತೆ ಉಳಿದುಹೋಗುವುದು ಸಾಮಾನ್ಯ.

2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಇದರಲ್ಲಿ ಎರಡು ಬಗೆ. ಒಂದರಲ್ಲಿ ಎಲ್ಲರಿಗೂ ಒಟ್ಟಿಗೆ ಪಾಲು ಹಂಚಬಹುದು, ಶೇಕಡಾ ಲೆಕ್ಕ ಒಟ್ಟು ನೂರಾಗಬೇಕು. ಇನ್ನೊಂದರಲ್ಲಿ ಮೊದಲನೆಯವರು ಇಲ್ಲದಿದ್ದರೆ ಎರಡನೆಯವರು, ಅವರೂ ಇಲ್ಲದಿದ್ದರೆ ಮೂರನೆಯವರು ಎಂದು ಸರದಿ ಇಡಬಹುದು. ಲಾಕರ್‌ಗೆ ಸರದಿಯ ಬಗೆ ಮಾತ್ರ ಇದೆ. ಸಾಮಾನ್ಯ ಕುಟುಂಬಕ್ಕೆ ಸರದಿಯೇ ಒಳ್ಳೆಯದೆಂದು ನನ್ನ ಅನಿಸಿಕೆ: ಮೊದಲು ಹೆಂಡತಿ ಅಥವಾ ಗಂಡ, ಆಮೇಲೆ ಪ್ರಾಪ್ತ ವಯಸ್ಸಿನ ಮಗ ಅಥವಾ ಮಗಳು. ನಾಮಿನಿ ನಿಮಗಿಂತ ಮೊದಲು ತೀರಿಕೊಂಡಾಗ ಬ್ಯಾಂಕಿಗೆ ಅದು ತಾನಾಗಿ ತಿಳಿಯುವುದಿಲ್ಲ, ಸರದಿ ಇದ್ದರೆ ಜಾಗ ಖಾಲಿ ಬೀಳುವುದಿಲ್ಲ. ಮಗುವನ್ನು ನಾಮಿನಿ ಮಾಡಿದರೆ ಅದರ ಪರವಾಗಿ ಹಣ ಪಡೆಯುವ ವಯಸ್ಕರೊಬ್ಬರ ಹೆಸರನ್ನೂ ಕೊಡಬೇಕು.

ನಮ್ಮ ಕಡೆ ಹೆಸರಿನದೇ ಒಂದು ದೊಡ್ಡ ಪೇಚು. ಮನೆಯಲ್ಲಿ ಕರೆಯುವುದು ಲಕ್ಷ್ಮಮ್ಮ, ಆಧಾರ್‌ನಲ್ಲಿ ಲಕ್ಷ್ಮೀದೇವಮ್ಮ, ಪಡಿತರ ಚೀಟಿಯಲ್ಲಿ ಇನಿಶಿಯಲ್ ಸಹಿತ ಮತ್ತೊಂದು. ನಾಮಿನಿ ಅರ್ಜಿಯಲ್ಲಿ ಆಧಾರ್‌ನಲ್ಲಿರುವಂತೆಯೇ ಅಕ್ಷರಶಃ ಬರೆಯಿರಿ. ಇಲ್ಲದಿದ್ದರೆ ಇಬ್ಬರೂ ಒಬ್ಬರೇ ಎಂದು ಪ್ರಮಾಣಪತ್ರ ಮಾಡಿಸಲು ನೋಟರಿಯ ಬಳಿ ಓಡಾಡಬೇಕಾಗುತ್ತದೆ, ಅದೂ ಸೂತಕದ ದಿನಗಳಲ್ಲಿ. ಹೆಬ್ಬೆಟ್ಟು ಒತ್ತುವವರಾದರೆ ಅರ್ಜಿಗೆ ಇಬ್ಬರು ಸಾಕ್ಷಿಗಳು ಬೇಕು. ಸಹಿ ಮಾಡುವವರಿಗೆ ಸಾಕ್ಷಿಗಳ ಅಗತ್ಯವಿಲ್ಲ.

ಪಿಎಫ್‌ಗೆ ಕಚೇರಿಗೆ ಹೋಗಬೇಕಿಲ್ಲ. ಪಿಎಫ್ ಸದಸ್ಯರ ತಾಣದಲ್ಲಿ ನಿಮ್ಮ ಪಿಎಫ್ ಗುರುತಿನ ಸಂಖ್ಯೆಯಾದ ಯುಎಎನ್ ಹಾಕಿ ಒಳಹೊಕ್ಕು, `Manage` ಎಂಬಲ್ಲಿ `E-Nomination` ಆರಿಸಿ, ಕುಟುಂಬದವರ ಆಧಾರ್ ವಿವರ, ಫೋಟೊ ಮತ್ತು ಪಾಲು ನಮೂದಿಸಿ, ಕೊನೆಗೆ ಆಧಾರ್ ಮೂಲಕ ಇ-ಸಹಿ ಮಾಡಬೇಕು. ಜನ ಎಡವುವುದು ಈ ಕೊನೆಯ ಹಂತದಲ್ಲೇ. ವಿವರ ಉಳಿಸಿದರೆ ಕೆಲಸ ಆಯಿತೆಂದು ಹೊರಬರುತ್ತಾರೆ, ಆದರೆ ಇ-ಸಹಿ ಆಗುವವರೆಗೆ ನಾಮಿನಿ ನೋಂದಣಿಯಾಗುವುದಿಲ್ಲ. ಪಿಎಫ್ ಜೊತೆಗೆ ಸೇವೆಯಲ್ಲಿರುವಾಗ ತೀರಿಕೊಂಡ ಸದಸ್ಯನ ಕುಟುಂಬಕ್ಕೆ 7 ಲಕ್ಷದವರೆಗೆ ಸಿಗಬಹುದಾದ ವಿಮೆಯೂ, ಕುಟುಂಬ ಪಿಂಚಣಿಯೂ ಇವೆ. ತುಮಕೂರಿನ ಕುಟುಂಬದವರು 9 ಲಕ್ಷ ಮಾತ್ರ ಕೇಳಿ ಸುಮ್ಮನಾದರೆ ಈ ಎರಡೂ ತಪ್ಪಿಹೋಗುತ್ತವೆ.

ಜಂಟಿ ಖಾತೆಯಿದ್ದರೆ ಅದರ ನಿಬಂಧನೆಯನ್ನು ನೋಡಿ. "ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು" ಎಂದಿದ್ದರೆ ಉಳಿದವರಿಗೆ ಹಣ ತೊಂದರೆಯಿಲ್ಲದೆ ಸಿಗುತ್ತದೆ. "ಇಬ್ಬರೂ ಸೇರಿ" ಎಂದಿದ್ದರೆ ಒಬ್ಬರು ಹೋದ ದಿನವೇ ಖಾತೆ ನಿಂತುಹೋಗುತ್ತದೆ.

ನಾಮಿನಿ ಇಲ್ಲದಿದ್ದರೆ ಹಣ ಮುಳುಗಿಹೋಗುತ್ತದೆ ಎಂದೇನೂ ಅಲ್ಲ. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿರ್ದೇಶನಗಳ ಪ್ರಕಾರ, ನಾಮಿನಿ ಅಥವಾ ಉಳಿದ ಜಂಟಿದಾರರು ಇದ್ದಲ್ಲಿ ಅರ್ಜಿ, ಮರಣ ಪ್ರಮಾಣಪತ್ರ, ಗುರುತಿನ ದಾಖಲೆ ಸಾಕು, ದಾಖಲೆ ಪೂರ್ಣವಾಗಿ ತಲುಪಿದ 15 ದಿನದಲ್ಲಿ ಬ್ಯಾಂಕ್ ಇತ್ಯರ್ಥ ಮಾಡಬೇಕು. ನಾಮಿನಿ ಇಲ್ಲದಿದ್ದಲ್ಲಿ ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷದವರೆಗೆ ಸರಳ ವಿಧಾನವಿದೆ. ಆದರೆ ಸರಳ ಎಂದರೂ ವಾರಸುದಾರರ ದೃಢೀಕರಣ, ನಷ್ಟಭರ್ತಿ ಬಾಂಡು, ಹಣ ಪಡೆಯದ ಉಳಿದ ವಾರಸುದಾರರಿಂದ ಒಪ್ಪಿಗೆ ಪತ್ರ ಬೇಕಾಗುತ್ತವೆ. ನಾಡಕಚೇರಿಯಿಂದ ವಂಶವೃಕ್ಷ ತರುವುದರಿಂದ ಹಿಡಿದು ಮುನಿಸಿಕೊಂಡ ನಾದಿನಿಯ ಸಹಿ ಹಾಕಿಸುವವರೆಗಿನ ಓಡಾಟ ಅದು. ಯಾರಾದರೂ ಒಬ್ಬರು ಸಹಿ ಹಾಕಲು ಒಪ್ಪದಿದ್ದರೆ ಸಿವಿಲ್ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರದ ದಾರಿಯನ್ನೇ ಹಿಡಿಯಬೇಕಾಗುತ್ತದೆ.

ಮೂರನೆಯ ಹೆಜ್ಜೆ: ಉಯಿಲು

ತುಮಕೂರಿನ ಸೈಟಿಗೆ ನಾಮಿನಿ ಎಂಬುದೇ ಇಲ್ಲ. ಸ್ಥಿರಾಸ್ತಿಯ ವಿಚಾರ ಉತ್ತರಾಧಿಕಾರದ ಕಾನೂನಿನಿಂದ ಅಥವಾ ಉಯಿಲಿನಿಂದ ಮಾತ್ರ ತೀರ್ಮಾನವಾಗುತ್ತದೆ. ಉಯಿಲಿಲ್ಲದೆ ತೀರಿಕೊಂಡ ಹಿಂದೂ ಪುರುಷನ ಸ್ವಯಾರ್ಜಿತ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಾಯಿ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮನಾಗಿ ಹೋಗುತ್ತದೆ. "ಗಂಡನ ಆಸ್ತಿ ಹೆಂಡತಿಗೆ" ಎಂಬ ರೂಢಿಯ ಮಾತು ಕಾನೂನಿನಲ್ಲಿಲ್ಲ. ಇಲ್ಲಿ ತಾಯಿಗೆ ಕಾಲು, ಹೆಂಡತಿಗೆ ಕಾಲು, ಇಬ್ಬರು ಮಕ್ಕಳಿಗೆ ಒಂದೊಂದು ಕಾಲು ಭಾಗ. ತಂದೆ ಬದುಕಿದ್ದರೂ ಈ ಮೊದಲ ದರ್ಜೆಯಲ್ಲಿ ಅವರಿಗೆ ಪಾಲಿಲ್ಲ ಎಂಬುದು ಹಲವರಿಗೆ ಅಚ್ಚರಿಯ ಸಂಗತಿ.

ತೊಂದರೆ ಬರುವುದು ಮಗಳ ಕಾಲೇಜಿಗಾಗಿ ಸೈಟು ಮಾರಬೇಕೆಂದಾಗ. ಅಪ್ರಾಪ್ತ ಮಕ್ಕಳ ಸ್ಥಿರಾಸ್ತಿಯನ್ನು ಸ್ವಂತ ತಾಯಿಯೇ ಆದರೂ ನ್ಯಾಯಾಲಯದ ಪೂರ್ವಾನುಮತಿಯಿಲ್ಲದೆ ಮಾರುವಂತಿಲ್ಲ, ಇದು 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯ 8ನೇ ಕಲಮು. ಅರ್ಜಿ ಹಾಕಿ, ಮಾರಾಟ ಮಕ್ಕಳ ಒಳಿತಿಗೇ ಎಂದು ತೋರಿಸಿ ಅನುಮತಿ ಪಡೆಯಬೇಕು. ಅನುಮತಿಯಿಲ್ಲದೆ ಮಾರಿದರೆ ಮಕ್ಕಳು ದೊಡ್ಡವರಾದ ಮೇಲೆ ಆ ಕ್ರಯವನ್ನು ಪ್ರಶ್ನಿಸಬಹುದಾದ್ದರಿಂದ ತಿಳಿದ ಕೊಳ್ಳುಗರು ಹತ್ತಿರ ಬರುವುದಿಲ್ಲ, ಬಂದರೂ ಬೆಲೆ ಇಳಿಸಿ ಕೇಳುತ್ತಾರೆ. "ಸೈಟು ನನ್ನ ಹೆಂಡತಿಗೆ" ಎಂಬ ಒಂದು ವಾಕ್ಯ ಬರೆದಿದ್ದರೆ ಇಷ್ಟೂ ತಪ್ಪುತ್ತಿತ್ತು. ಚಿಕ್ಕ ಮಕ್ಕಳಿರುವ ನಲವತ್ತರೊಳಗಿನವರು ಉಯಿಲು ಬರೆಯಲು ಎಲ್ಲಕ್ಕಿಂತ ಗಟ್ಟಿಯಾದ ಕಾರಣ ಇದೇ. ವಯಸ್ಸಾದವರ ಕೆಲಸ ಅದು ಎಂಬ ಎಣಿಕೆ ತಲೆಕೆಳಗು.

ಹೆಂಗಸರ ಉಯಿಲಿಗೂ ಅಷ್ಟೇ ಕಾರಣವಿದೆ. ಮಕ್ಕಳಿಲ್ಲದ ವಿಧವೆ ತನ್ನ ಸಂಬಳದಿಂದ ಕೂಡಿಟ್ಟ ಹಣಕ್ಕೆ ಉಯಿಲು ಬರೆಯದೆ ತೀರಿಕೊಂಡರೆ, ಅದೇ ಕಾಯ್ದೆಯ 15ನೇ ಕಲಮಿನ ಪ್ರಕಾರ ಅದು ಆಕೆಯ ತಂದೆತಾಯಿಗಿಂತ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ. ಹೆತ್ತವರನ್ನು ಸಾಕುತ್ತಿದ್ದ ಮಗಳ ವಿಚಾರದಲ್ಲಿ ಇದು ಎಷ್ಟು ಕಠೋರವಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಉಯಿಲಿಗೆ ಛಾಪಾ ಕಾಗದ ಬೇಡ, ಮುದ್ರಾಂಕ ಶುಲ್ಕವಿಲ್ಲ, ನೋಂದಣಿ ಕಡ್ಡಾಯವಲ್ಲ, ಕನ್ನಡದಲ್ಲೇ ಬಿಳಿ ಹಾಳೆಯ ಮೇಲೆ ಕೈಯಲ್ಲೇ ಬರೆಯಬಹುದು. ಆದರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮು ಕೇಳುವ ಒಂದು ಸಂಗತಿಯಲ್ಲಿ ರಿಯಾಯಿತಿಯಿಲ್ಲ: ಬರೆದವರ ಸಹಿ, ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ. ಸಾಕ್ಷಿಗಳು ನೀವು ಸಹಿ ಮಾಡಿದ್ದನ್ನು ನೋಡಿರಬೇಕು, ಅಥವಾ ಅದು ತನ್ನದೇ ಸಹಿ ಎಂದು ನಿಮ್ಮ ಬಾಯಿಂದ ಕೇಳಿರಬೇಕು, ಮತ್ತು ನಿಮ್ಮ ಎದುರಿಗೇ ತಾವೂ ಸಹಿ ಹಾಕಿರಬೇಕು. ಕಾಗದವನ್ನು ಅವರ ಮನೆಗೆ ಕಳುಹಿಸಿ ಸಹಿ ಹಾಕಿಸಿ ತರಿಸಿದ ಉಯಿಲು ನಿಲ್ಲುವುದಿಲ್ಲ. ಎಲ್ಲರೂ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿನಲ್ಲಿ ಕುಳಿತು ಸಹಿ ಮಾಡುವುದು ಕ್ಷೇಮ.

ಸಾಕ್ಷಿಗಳನ್ನು ಆರಿಸುವಾಗ ಮುಂದಾಲೋಚನೆ ಬೇಕು. ನಾಳೆ ಉಯಿಲನ್ನು ಯಾರಾದರೂ ಪ್ರಶ್ನಿಸಿದರೆ ಬದುಕಿರುವ ಒಬ್ಬ ಸಾಕ್ಷಿಯನ್ನಾದರೂ ನ್ಯಾಯಾಲಯಕ್ಕೆ ಕರೆಸಬೇಕಾಗುತ್ತದೆ. ಆದ್ದರಿಂದ ನಿಮಗಿಂತ ಚಿಕ್ಕವರು, ಊರಲ್ಲೇ ಇರುವವರು, ಉಯಿಲಿನಿಂದ ಏನೂ ಪಡೆಯದವರು ಸಾಕ್ಷಿಗಳಾಗಲಿ. ಆಸ್ತಿ ಪಡೆಯುವವರು ವಕೀಲರನ್ನು ಕರೆತಂದು, ಕರಡು ಮಾಡಿಸಿ, ಸಹಿಯ ಹೊತ್ತಿಗೆ ಪಕ್ಕದಲ್ಲೇ ನಿಂತು ಎಲ್ಲವನ್ನೂ ನಡೆಸಿದರೆ ಅದು ಅನುಮಾನಕ್ಕೆ ಎಡೆ. ಮೈಸೂರು ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಗಿ 1959ರ ವರದಿಗಳಲ್ಲಿ ಸೇರಿದ ಒಂದು ತೀರ್ಪು ಈ ಮಾತಿಗೆ ಇಂದಿಗೂ ಆಧಾರವಾಗಿ ಬಳಕೆಯಲ್ಲಿದೆ. ವಯಸ್ಸಾದವರು, ಕಾಯಿಲೆಯವರು ಬರೆಯುವಾಗ ಅದೇ ದಿನದ ವೈದ್ಯರ ಪ್ರಮಾಣಪತ್ರ ಇಟ್ಟರೆ ಒಳ್ಳೆಯದು.

ತುಮಕೂರಿನ ಆ ಮನುಷ್ಯ ಬರೆಯಬಹುದಾಗಿದ್ದ ಉಯಿಲಿನ ಒಡಲು ಸುಮಾರಾಗಿ ಹೀಗಿರುತ್ತಿತ್ತು:

"ನಾನು, ಇಂಥವರ ಮಗ, ವಯಸ್ಸು ನಲವತ್ತಾರು, ಇಂಥ ವಿಳಾಸದ ನಿವಾಸಿ, ಪೂರ್ಣ ಪ್ರಜ್ಞೆಯಿಂದ, ಯಾರ ಒತ್ತಾಯವೂ ಇಲ್ಲದೆ ಈ ಉಯಿಲನ್ನು ಬರೆದಿದ್ದೇನೆ. ಇದೇ ನನ್ನ ಕೊನೆಯ ಉಯಿಲು, ಇದಕ್ಕೆ ಹಿಂದಿನ ಎಲ್ಲ ಉಯಿಲುಗಳನ್ನೂ ರದ್ದುಪಡಿಸಿದ್ದೇನೆ. ಕೆಳಗೆ ಕಾಣಿಸಿದ ಸೈಟು ನನ್ನ ಸ್ವಯಾರ್ಜಿತ. ಈ ಸೈಟು, ನನ್ನ ಹೆಸರಿನ ಎಲ್ಲ ಠೇವಣಿ, ವಿಮೆ ಮತ್ತು ಇತರ ಚರಾಸ್ತಿ ನನ್ನ ಹೆಂಡತಿಗೆ ಸಂಪೂರ್ಣ ಹಕ್ಕಿನಿಂದ ಸೇರತಕ್ಕದ್ದು. ಆಕೆ ನನಗಿಂತ ಮೊದಲು ತೀರಿಕೊಂಡಿದ್ದರೆ ಅವು ನನ್ನ ಮಗಳಿಗೂ ಮಗನಿಗೂ ಸಮನಾಗಿ ಸೇರತಕ್ಕದ್ದು. ಆದರೆ ನನ್ನ ಠೇವಣಿಗಳಿಂದ ಎರಡು ಲಕ್ಷ ರೂಪಾಯಿಯನ್ನು ಮೊದಲು ನನ್ನ ತಾಯಿಗೆ ಕೊಡತಕ್ಕದ್ದು. ಈ ಉಯಿಲನ್ನು ಜಾರಿಗೊಳಿಸಲು ನನ್ನ ಭಾವಮೈದುನನನ್ನು ನೇಮಿಸಿದ್ದೇನೆ."

ತಾಯಿಗೆ ಇಷ್ಟು ಎಂಬ ಒಂದು ಸಾಲು ದೊಡ್ಡ ಕೆಲಸ ಮಾಡುತ್ತದೆ. ಮರೆತು ಬಿಟ್ಟದ್ದಲ್ಲ, ಯೋಚಿಸಿಯೇ ಬರೆದದ್ದು ಎಂದು ಅದು ತೋರಿಸುತ್ತದೆ. ಯಾರಿಗಾದರೂ ಏನೂ ಕೊಡದಿರಲು ನಿರ್ಧರಿಸಿದರೆ ಅವರ ಹೆಸರನ್ನು ಬರೆದು, ಕಾರಣವನ್ನು ಕಹಿಯಿಲ್ಲದ ಒಂದು ವಾಕ್ಯದಲ್ಲಿ ಹೇಳಿ. ಸ್ವತ್ತಿನ ವಿವರವನ್ನು ಕ್ರಯಪತ್ರದಲ್ಲಿರುವಂತೆ ಚೆಕ್ಕುಬಂದಿ ಸಹಿತ ನಕಲು ಮಾಡಿ. ಪ್ರತಿ ಪುಟಕ್ಕೂ ಸಹಿ ಮಾಡಿ, ತಾರೀಖು ಹಾಕಿ. ತಿದ್ದುಪಡಿ ಬಂದರೆ ಹೊಸ ಹಾಳೆಯಲ್ಲಿ ಮತ್ತೆ ಬರೆಯಿರಿ.

ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ನಿಮ್ಮ ಪಾಲಿನಷ್ಟಕ್ಕೆ ಮಾತ್ರ ಉಯಿಲು ಬರೆಯಬಹುದು. ಇಡೀ ತೋಟವನ್ನು ಒಬ್ಬ ಮಗನಿಗೆ ಬರೆದರೆ ಉಳಿದವರ ಪಾಲಿನಷ್ಟು ಅದು ಬಿದ್ದುಹೋಗುತ್ತದೆ. ಹೆಣ್ಣುಮಕ್ಕಳೂ ಜನ್ಮತಃ ಪಾಲುದಾರರೆಂಬುದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಮುಸ್ಲಿಮರಿಗೆ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿಗೆ ಉಯಿಲು ಬರೆಯಲು ಬರುವುದಿಲ್ಲ. ಕ್ರೈಸ್ತರ ಉಯಿಲು ಅವರ ಮದುವೆಯೊಂದಿಗೆ ರದ್ದಾಗುತ್ತದೆ. ಇಂಥಲ್ಲಿ, ಮತ್ತು ಎರಡನೆಯ ಮದುವೆ, ವಿದೇಶದ ಆಸ್ತಿ, ಬುದ್ಧಿಮಾಂದ್ಯ ಮಗು ಇರುವಲ್ಲಿ ವಕೀಲರ ಶುಲ್ಕ ದಂಡವಲ್ಲ.

ನೋಂದಣಿ ಮಾಡಿಸಬೇಕೆ? ಕಡ್ಡಾಯವಲ್ಲದಿದ್ದರೂ ಸ್ಥಿರಾಸ್ತಿ ಇದ್ದರೆ ಮಾಡಿಸುವುದು ಲೇಸೆಂದು ನನ್ನ ಅಭಿಪ್ರಾಯ. ಇಬ್ಬರು ಸಾಕ್ಷಿಗಳೊಂದಿಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದರೆ ಆಯಿತು. ಮೂಲ ಕಳೆದರೆ ದೃಢೀಕೃತ ನಕಲು ಸಿಗುತ್ತದೆ, ಪೌತಿ ಖಾತೆ ಮಾಡಿಸುವಾಗ ಅಧಿಕಾರಿಗಳ ಪ್ರಶ್ನೆಗಳೂ ಕಡಿಮೆಯಾಗುತ್ತವೆ. ನೋಂದಾಯಿಸಿದ ಉಯಿಲನ್ನು ಬದಲಿಸಲಾಗದು ಎಂಬ ನಂಬಿಕೆ ತಪ್ಪು. ಸರಿಯಾಗಿ ಬರೆದು ಸಾಕ್ಷಿ ಹಾಕಿಸಿದ ನಂತರದ ಉಯಿಲು, ಅದು ನೋಂದಣಿಯಾಗಿಲ್ಲದಿದ್ದರೂ, ಹಿಂದಿನ ನೋಂದಾಯಿತ ಉಯಿಲನ್ನು ಮೀರುತ್ತದೆ.

ಕಾಗದಗಳನ್ನು ಇಡುವ ಜಾಗ

ಉಯಿಲಿನ ಮೂಲವನ್ನು ನಿಮ್ಮೊಬ್ಬರ ಹೆಸರಿನ ಲಾಕರ್‌ನಲ್ಲಿ ಇಡಬೇಡಿ. ಲಾಕರ್ ತೆರೆಯಲು ಯಾರಿಗೆ ಅಧಿಕಾರ ಎಂದು ತಿಳಿಸಬಹುದಾದ ಕಾಗದವೇ ಲಾಕರ್‌ನ ಒಳಗೆ ಸಿಕ್ಕಿಕೊಳ್ಳುತ್ತದೆ. ಮನೆಯ ಬೀರುವಿನಲ್ಲಿ, ಪಟ್ಟಿಯ ಪುಸ್ತಕದ ಜೊತೆಗೇ ಇಟ್ಟು, ಹೆಂಡತಿಗೋ ಗಂಡನಿಗೋ ಮತ್ತು ಹೊರಗಿನ ಒಬ್ಬ ನಂಬಿಗಸ್ತರಿಗೋ ಜಾಗ ತಿಳಿಸಿ. ಉಯಿಲಿನಲ್ಲಿ ಏನಿದೆ ಎಂದು ಹೇಳಬೇಕಾಗಿಲ್ಲ, ಉಯಿಲು ಇದೆ ಎಂದು ಹೇಳಿದರೆ ಸಾಕು. ಬ್ಯಾಂಕಿಗೆ ಜೋಡಿಸಿದ ಮೊಬೈಲ್ ಸಂಖ್ಯೆಯನ್ನು ಮರಣದ ನಂತರ ಕೆಲವು ತಿಂಗಳು ಚಾಲ್ತಿಯಲ್ಲಿಡಲು ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ. ಪಟ್ಟಿಯಲ್ಲಿ ತಪ್ಪಿಹೋದ ಪಾಲಿಸಿಯ ಕಂತಿನ ಸಂದೇಶವೋ, ಎಫ್‌ಡಿ ಬಡ್ಡಿಯ ಸಂದೇಶವೋ ಆ ಸಂಖ್ಯೆಗೇ ಬರುತ್ತದೆ.

ಪಟ್ಟಿಗೆ ಮತ್ತೆ ಕೈ ಹಾಕಲು ನಾನು ಇಟ್ಟುಕೊಂಡಿರುವ ಹೊತ್ತು ಆದಾಯ ತೆರಿಗೆ ವಿವರ ಸಲ್ಲಿಸುವ ಜುಲೈ ತಿಂಗಳು, ಏಕೆಂದರೆ ಆಗ ಎಲ್ಲ ಖಾತೆಗಳ ಬಡ್ಡಿ ಲೆಕ್ಕ ಹೇಗೂ ಮೇಜಿನ ಮೇಲಿರುತ್ತದೆ. ಮುಚ್ಚಿದ ಖಾತೆಯನ್ನು ಹೊಡೆದುಹಾಕಿ, ಹೊಸದನ್ನು ಸೇರಿಸಿ, ಪುಟದ ಕೆಳಗೆ ತಾರೀಖು ಬರೆದರೆ ಅರ್ಧ ಗಂಟೆಯ ಕೆಲಸ. ಮದುವೆ, ಮಗು, ವಿಚ್ಛೇದನ, ನಾಮಿನಿಯ ಮರಣ, ಹೊಸ ಸ್ವತ್ತು, ಇವುಗಳಲ್ಲಿ ಯಾವುದಾದರೂ ಆದಾಗ ಮಾತ್ರ ಜುಲೈವರೆಗೆ ಕಾಯದೆ ನಾಮಿನಿಯನ್ನೂ ಉಯಿಲನ್ನೂ ಅದೇ ತಿಂಗಳು ತಿರುಗಿ ನೋಡಬೇಕು.